ಡ್ರೈಯರ್ ಬಿಸಿಯಾಗದಿದ್ದಾಗ ದೋಷ ಹೀಟರಿನದೇ ಆಗಿರಬೇಕಾಗಿಲ್ಲ

ಮುಂಬಯಿಯ ಮುಲುಂಡಿನಲ್ಲಿರುವ ನನ್ನ ಅಕ್ಕನ ಮನೆಯ ಡ್ರೈಯರ್‌ಗೆ ಮಳೆಗಾಲದ ನಡುವೆ ಹೊಸ ಹೀಟರ್ ಕಾಯಿಲ್ ಹಾಕಿಸಿದರು. ಒಂದು ಗಂಟೆಯಲ್ಲಿ ಒಣಗುತ್ತಿದ್ದ ಬಟ್ಟೆಗೆ ಮೂರು ಗಂಟೆ ಹಿಡಿಯತೊಡಗಿತ್ತು. ಬಾಗಿಲು ತೆರೆದರೆ ಒಳಗೆ ಉಗುರುಬೆಚ್ಚಗಿನ ಹಬೆ ಮಾತ್ರ ಇರುತ್ತಿತ್ತು. ನೋಡಲು ಬಂದ ಮೆಕ್ಯಾನಿಕ್, ಕಾಯಿಲ್ ಸೋತಿದೆ ಎಂದು ಹೇಳಿ ಅದನ್ನು ಬದಲಿಸಿದ. ಮರುದಿನವೂ ಮೂರು ಗಂಟೆಯೇ ಹಿಡಿದಾಗ ಥರ್ಮೋಸ್ಟಾಟನ್ನೂ ಬದಲಿಸಬೇಕಾಗುತ್ತದೆ ಎಂದ. ಆ ಎರಡನೆಯ ಖರ್ಚಿಗೆ ಒಪ್ಪುವ ಮೊದಲು ಅಕ್ಕ ನನ್ನನ್ನು ಕರೆದರು. ಯಂತ್ರದ ಒಂದು ಸ್ಕ್ರೂವನ್ನೂ ಬಿಚ್ಚದೆ ಆ ಮಧ್ಯಾಹ್ನ ನಾವು ಮಾಡಿದ ಅಳತೆಗಳನ್ನೇ ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ವಿವರಿಸುತ್ತೇನೆ. ಏಕೆಂದರೆ ಬಿಸಿಯಾಗದ ಡ್ರೈಯರ್ ಎಂಬ ದೂರಿನಲ್ಲಿ ಬಿಸಿಗೆ ಸಂಬಂಧವೇ ಇಲ್ಲದ ಕಾರಣ ಎಷ್ಟು ಸುಲಭವಾಗಿ ಅಡಗಿಕೊಳ್ಳುತ್ತದೆ ಎಂಬುದು ಅವುಗಳಿಂದ ಸ್ಪಷ್ಟವಾಗುತ್ತದೆ.

ನಾನು ಹೇಳುತ್ತಿರುವುದು ತೇವದ ಗಾಳಿಯನ್ನು ಪೈಪಿನ ಮೂಲಕ ಹೊರಗೆ ಬಿಡುವ, ವಿದ್ಯುತ್ ಕಾಯಿಲ್ ಇರುವ ಸಾಮಾನ್ಯ ಡ್ರೈಯರ್ ಬಗ್ಗೆ. ಅದರ ಕೆಲಸ ಸರಳವಾದುದು. ಒಂದು ಫ್ಯಾನ್ ಕೋಣೆಯ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಆ ಗಾಳಿ ಕೆಂಪಗೆ ಕಾದ ಕಾಯಿಲ್ ಮೇಲೆ ಹಾಯ್ದು, ತಿರುಗುತ್ತಿರುವ ಡ್ರಮ್ಮಿನೊಳಗಿನ ಬಟ್ಟೆಗಳ ನಡುವೆ ನುಸುಳಿ, ನೀರಿನ ಆವಿಯನ್ನು ಹೊತ್ತುಕೊಂಡು, ಬಟ್ಟೆಯಿಂದ ಉದುರಿದ ನೂಲಿನ ಧೂಳನ್ನು ಲಿಂಟ್ ಫಿಲ್ಟರಿನಲ್ಲಿ ಬಿಟ್ಟು, ಪೈಪಿನಿಂದ ಹೊರಗೆ ಹೋಗುತ್ತದೆ. ನೀರನ್ನು ಆವಿಯಾಗಿಸುವುದು ಬಿಸಿಯ ಕೆಲಸವಾದರೂ, ಆ ಆವಿಯನ್ನು ಡ್ರಮ್ಮಿನಿಂದ ಆಚೆ ಸಾಗಿಸುವುದು ಗಾಳಿಯ ಕೆಲಸ. ಸಾಗಿಸುವ ಕೆಲಸ ನಿಂತರೆ ಡ್ರಮ್ಮಿನೊಳಗಿನ ಗಾಳಿ ತೇವದಿಂದ ತುಂಬಿಹೋಗಿ, ಹೆಂಚಿನ ಮೇಲೆ ಮುಚ್ಚಳ ಹಾಕಿಟ್ಟ ದೋಸೆಯಂತೆ ಬಟ್ಟೆ ಬೇಯುತ್ತದೆಯೇ ಹೊರತು ಒಣಗುವುದಿಲ್ಲ.

ಯಂತ್ರ ನಿಜವಾಗಿಯೂ ನಿಧಾನವಾಗಿದೆಯೇ ಎಂಬುದನ್ನು ಮೊದಲು ತಿಳಿಯಬೇಕು. ಅದಕ್ಕೆ ಒಂದು ತಕ್ಕಡಿ ಸಾಕು. ಪ್ರಯಾಣದ ಬ್ಯಾಗು ತೂಗುವ ಕೊಕ್ಕೆಯ ತಕ್ಕಡಿಯೂ ಆಗುತ್ತದೆ. ಅಕ್ಕನ ಮನೆಯ ಎರಡು ಚಾದರ, ಕೆಲವು ಟವೆಲ್ ಮತ್ತು ಅಂಗಿಗಳು ಒಣಗಿದ್ದಾಗ 4 ಕಿಲೋ ತೂಗುತ್ತಿದ್ದವು. ವಾಷಿಂಗ್ ಮಷೀನಿನಿಂದ ಹೊರಬಂದಾಗ 6.8 ಕಿಲೋ. ಅಂದರೆ 2.8 ಕಿಲೋ ನೀರು ಆವಿಯಾಗಬೇಕಿತ್ತು. ಒಂದು ಕಿಲೋ ನೀರನ್ನು ಬಟ್ಟೆಯಿಂದ ಆವಿಯಾಗಿಸಲು ಶಾಸ್ತ್ರದ ಲೆಕ್ಕದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಮೂರನೇ ಎರಡು ಭಾಗ ಬೇಕು; ಬಟ್ಟೆ, ಡ್ರಮ್ ಮತ್ತು ಹೊರಹೋಗುವ ಗಾಳಿಗೆ ಸೋರಿಹೋಗುವ ಬಿಸಿಯನ್ನು ಸೇರಿಸಿದರೆ ಕಿಲೋಗೆ ಸುಮಾರು ಒಂದು ಯೂನಿಟ್ ಎಂದು ಹಿಡಿಯಬಹುದು. ಈ ಡ್ರೈಯರಿನ ಹೀಟರ್ 2000 ವಾಟ್‌ನದು, ಮೋಟಾರ್ ಸುಮಾರು 200 ವಾಟ್‌ನದು. ಎರಡೂ ಸೇರಿ ಗಂಟೆಗೆ 2.2 ಯೂನಿಟ್. 2.8 ಯೂನಿಟ್ ಬೇಕಾದ ಕೆಲಸಕ್ಕೆ ಒಂದೂಕಾಲು ಗಂಟೆಯಷ್ಟು ಹಿಡಿಯುವುದು ಸಹಜ. ಮೂರು ಗಂಟೆ ಸಹಜವಲ್ಲ.

ಈ ಲೆಕ್ಕವನ್ನು ಮಾಡದೆ ಯಂತ್ರವನ್ನು ದೂರುವವರು ಬಹಳ. ವಾಷಿಂಗ್ ಮಷೀನಿನ ಸ್ಪಿನ್ ವೇಗವನ್ನು ಯಾರೋ 1000 ಸುತ್ತಿನಿಂದ 600ಕ್ಕೆ ಇಳಿಸಿಟ್ಟಿರುತ್ತಾರೆ, ಅಥವಾ ದಪ್ಪ ಟವೆಲ್‌ಗಳು ಒಂದೇ ಕಡೆ ಮುದ್ದೆಯಾಗಿ ಮಷೀನು ಸ್ಪಿನ್ನನ್ನೇ ಬಿಟ್ಟುಬಿಟ್ಟಿರುತ್ತದೆ; ಆಗ ಅದೇ ಬಟ್ಟೆ ಒಂದು ಕಿಲೋ ನೀರನ್ನು ಹೆಚ್ಚಾಗಿ ಹೊತ್ತುಕೊಂಡು ಬರುತ್ತದೆ, ಡ್ರೈಯರ್ ಅರ್ಧ ಗಂಟೆ ಹೆಚ್ಚು ತೆಗೆದುಕೊಳ್ಳುತ್ತದೆ. ಅಲ್ಲಿ ಡ್ರೈಯರಿನ ತಪ್ಪೇನೂ ಇಲ್ಲ.

ಎರಡನೆಯ ಅಳತೆಯೇ ಎಲ್ಲಕ್ಕಿಂತ ಹೆಚ್ಚು ಉಪಯುಕ್ತವಾದುದು ಎಂದು ನನ್ನ ಅಭಿಪ್ರಾಯ: ಹೀಟರ್ ಎಷ್ಟು ಹೊತ್ತು ಉರಿಯುತ್ತಿದೆ ಎಂಬುದು. ಹೀಟರ್ ಮತ್ತು ಮೋಟಾರುಗಳ ನಡುವೆ ಹತ್ತು ಪಟ್ಟು ಅಂತರ ಇರುವುದರಿಂದ, ಡ್ರೈಯರ್ ಎಳೆಯುವ ವಿದ್ಯುತ್ತನ್ನು ನೋಡಿದರೆ ಒಳಗಿನ ಕಾಯಿಲ್ ಉರಿಯುತ್ತಿದೆಯೋ ಆರಿದೆಯೋ ಎಂಬುದು ಹೊರಗಿನಿಂದಲೇ ತಿಳಿಯುತ್ತದೆ. ವಾಟ್ ತೋರಿಸುವ 16 ಆಂಪಿಯರ್ ಸ್ಮಾರ್ಟ್ ಪ್ಲಗ್ ಇದ್ದರೆ ಸುಲಭ. ಇಲ್ಲದಿದ್ದರೆ ಮನೆಯ ಉಳಿದ ಉಪಕರಣಗಳನ್ನೆಲ್ಲ ಆರಿಸಿ, ಕೆಳಗಿನ ಮೀಟರ್ ಕೋಣೆಯಲ್ಲಿ ನಮ್ಮ ಮೀಟರಿನ ಕೆಂಪು ದೀಪ ಮಿನುಗುವುದನ್ನು ಎಣಿಸಬಹುದು. ಮೀಟರಿನ ಮುಖದ ಮೇಲೆ 3200 imp/kWh, ಅಂದರೆ ಒಂದು ಯೂನಿಟ್ಟಿಗೆ 3200 ಮಿನುಗು, ಎಂದು ಬರೆದಿದ್ದರೆ, ಹೀಟರ್ ಉರಿಯುತ್ತಿರುವಾಗ ದೀಪ ಸೆಕೆಂಡಿಗೆ ಸುಮಾರು ಎರಡು ಸಲ ಮಿನುಗುತ್ತದೆ. ಮೋಟಾರ್ ಮಾತ್ರ ತಿರುಗುತ್ತಿರುವಾಗ ಐದಾರು ಸೆಕೆಂಡಿಗೆ ಒಂದು ಸಲ. ಈ ವ್ಯತ್ಯಾಸವನ್ನು ಗುರುತಿಸಲು ಎಲೆಕ್ಟ್ರಿಷಿಯನ್ ಆಗಿರಬೇಕಾಗಿಲ್ಲ.

ಆ ವಾಟುಗಳನ್ನು ಅರ್ಧ ಗಂಟೆ ಗಮನಿಸಿದರೆ ಸಾಧ್ಯವಿರುವ ಕಾರಣಗಳು ತಾವಾಗಿಯೇ ಬೇರೆಬೇರೆಯಾಗುತ್ತವೆ. ಅಂಕಿ ಒಮ್ಮೆಯೂ 200ರ ಆಸುಪಾಸಿನಿಂದ ಮೇಲೇಳದಿದ್ದರೆ ಹೀಟರಿಗೆ ವಿದ್ಯುತ್ ತಲುಪುತ್ತಿಲ್ಲ ಅಥವಾ ಕಾಯಿಲ್ ತುಂಡಾಗಿದೆ. ಮೊದಲು ಬಿಸಿ ಬೇಡದ ತಂಪು ಗಾಳಿಯ ಆಯ್ಕೆಯಲ್ಲಿ ಗುಂಡಿ ನಿಂತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕೊನೆಯ ಐದು ಹತ್ತು ನಿಮಿಷ ಹೀಟರ್ ಆರಿರುವುದು ಬಹುತೇಕ ಯಂತ್ರಗಳಲ್ಲಿ ಇರುವ ಪದ್ಧತಿ. ಅಂಕಿ 2200ರಲ್ಲಿಯೇ ನಿಂತಿದ್ದು ಬಟ್ಟೆ ಒಣಗುವುದು ತಡವಾದರೆ ಹೀಟರೂ ಥರ್ಮೋಸ್ಟಾಟೂ ಸರಿಯಿವೆ. ಬಟ್ಟೆಯ ಪ್ರಮಾಣ, ಸ್ಪಿನ್ ಮತ್ತು ಗಾಳಿ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ನೋಡಬೇಕು. ಅಂಕಿ 1200ರಲ್ಲಿ ನಿಂತಿದ್ದರೆ, ಎರಡು ಕಾಯಿಲ್‌ಗಳಿರುವ ಹೀಟರಿನಲ್ಲಿ ಒಂದು ಮಾತ್ರ ಕೆಲಸ ಮಾಡುತ್ತಿದೆ, ಅಥವಾ ಕಡಿಮೆ ಬಿಸಿಯ ಆಯ್ಕೆಯಲ್ಲಿ ಯಂತ್ರವನ್ನು ಓಡಿಸುತ್ತಿದ್ದೇವೆ. ಅಕ್ಕನ ಮನೆಯಲ್ಲಿ ಕಂಡದ್ದು ಇವು ಯಾವುವೂ ಅಲ್ಲ. ಅಲ್ಲಿ ಅಂಕಿ 2200ಕ್ಕೆ ಏರಿ ನಾಲ್ಕು ನಿಮಿಷ ನಿಂತು, 200ಕ್ಕೆ ಇಳಿದು ಎಂಟು ನಿಮಿಷ ಅಲ್ಲಿಯೇ ಇದ್ದು, ಮತ್ತೆ ಏರುತ್ತಿತ್ತು. ಬಟ್ಟೆ ಇನ್ನೂ ತೊಟ್ಟಿಕ್ಕುವಷ್ಟು ಒದ್ದೆಯಾಗಿದ್ದ ಮೊದಲ ಹತ್ತು ನಿಮಿಷದಿಂದಲೇ ಹೀಗೆ ನಡೆದಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಹೀಟರ್ ಹೊತ್ತಿ ಆರುವುದು ತಾನಾಗಿಯೇ ದೋಷವಲ್ಲ. ಅದು ಯಾವ ಹಂತದಲ್ಲಿ ನಡೆಯುತ್ತದೆ ಎಂಬುದು ಮುಖ್ಯ. ಬಟ್ಟೆಯಲ್ಲಿ ನೀರು ತುಂಬಿರುವಾಗ ಆವಿಯಾಗುವ ಕ್ರಿಯೆಯೇ ಬಿಸಿಯನ್ನು ನುಂಗುತ್ತಿರುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಂಪಾಗುವುದು ಇದೇ ಕಾರಣಕ್ಕೆ. ಆದ್ದರಿಂದ ಮೊದಲ ಭಾಗದಲ್ಲಿ ಹೀಟರ್ ಪೂರ್ತಿ ಉರಿಯುತ್ತಿದ್ದರೂ ಹೊರಬರುವ ಗಾಳಿ ಹೆಚ್ಚು ಬಿಸಿಯಾಗಿರುವುದಿಲ್ಲ, ಅದರ ದಾರಿಯಲ್ಲಿ ಕುಳಿತಿರುವ ಥರ್ಮೋಸ್ಟಾಟಿಗೆ ಹೀಟರನ್ನು ಆರಿಸುವ ಕಾರಣವೂ ಸಿಗುವುದಿಲ್ಲ. ನೀರು ಬಹುಪಾಲು ಹೋದ ಮೇಲೆ ಬಿಸಿಯನ್ನು ನುಂಗುವವರು ಇಲ್ಲದಂತಾಗಿ ಹೊರಬರುವ ಗಾಳಿಯ ಉಷ್ಣತೆ ಏರುತ್ತದೆ, ಆಗ ಥರ್ಮೋಸ್ಟಾಟ್ ಹೀಟರನ್ನು ಆರಿಸಿ ಹೊತ್ತಿಸುತ್ತ ಬಟ್ಟೆ ಸುಡದಂತೆ ಕಾಯುತ್ತದೆ. ಕೊನೆಯಲ್ಲಿ ಹೊತ್ತಿ ಆರಿದರೆ ಯಂತ್ರ ಆರೋಗ್ಯವಾಗಿದೆ ಎಂದರ್ಥ. ಒದ್ದೆ ಬಟ್ಟೆಯಿರುವಾಗಲೇ ಹೊತ್ತಿ ಆರುತ್ತಿದ್ದರೆ ಯಾವುದೋ ಥರ್ಮೋಸ್ಟಾಟ್ ಬಟ್ಟೆಯ ಬಿಸಿಯನ್ನಲ್ಲ, ಬೇರೇನನ್ನೋ ನೋಡಿ ಹೀಟರನ್ನು ಆರಿಸುತ್ತಿದೆ.

ಡ್ರೈಯರಿನಲ್ಲಿ ಥರ್ಮೋಸ್ಟಾಟ್ ಒಂದೇ ಇರುವುದಿಲ್ಲ. ಹೊರಬರುವ ಗಾಳಿಯ ದಾರಿಯಲ್ಲಿರುವುದು ಈಗ ಹೇಳಿದ ನಿಯಂತ್ರಕ; ಹೊಸ ಯಂತ್ರಗಳಲ್ಲಿ ಅದರ ಜಾಗದಲ್ಲಿ ಉಷ್ಣತೆಯ ಸೆನ್ಸರ್ ಇದ್ದು ಸರ್ಕ್ಯೂಟ್ ಬೋರ್ಡು ತೀರ್ಮಾನ ಮಾಡುತ್ತದೆ. ಇನ್ನೊಂದು ಹೀಟರಿನ ತಗಡಿನ ಪೆಟ್ಟಿಗೆಗೇ ಅಂಟಿಕೊಂಡಿರುವ ಕಾವಲುಗಾರ. ಕಾಯಿಲ್ ಸುತ್ತಲಿನ ಗಾಳಿ ಅಪಾಯದ ಮಟ್ಟಕ್ಕೆ ಕಾದರೆ ಅದು ಹೀಟರನ್ನು ಆರಿಸಿ, ತಣ್ಣಗಾದ ಮೇಲೆ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಗಾಳಿಯ ದಾರಿ ಕಟ್ಟಿಕೊಂಡಾಗ ಕಾಯಿಲ್ ಮೇಲೆ ಹಾಯುವ ಗಾಳಿ ಕಡಿಮೆಯಾಗುತ್ತದೆ. ಹಾಯುವ ಆ ಸ್ವಲ್ಪ ಗಾಳಿ ವಿಪರೀತ ಕಾಯುತ್ತದೆ. ಡ್ರಮ್ಮು ಉಗುರುಬೆಚ್ಚಗಿರುವಾಗಲೇ ಕಾವಲುಗಾರ ಹೀಟರನ್ನು ಆರಿಸಿಬಿಡುತ್ತದೆ. ಒಂದು ಕಡೆ ಅತಿಯಾದ ಬಿಸಿ ಇರುವುದರಿಂದಲೇ ಇನ್ನೊಂದು ಕಡೆ ಬಿಸಿಯಿಲ್ಲ. ಹೀಟರ್ ಸೋತಿದೆ ಎಂಬ ತಪ್ಪು ತೀರ್ಮಾನ ಹುಟ್ಟುವುದು ಇಲ್ಲಿಂದ.

ಹಾಗಾದರೆ ಅಕ್ಕನ ಮನೆಯಲ್ಲಿ ಥರ್ಮೋಸ್ಟಾಟೇ ಕೆಟ್ಟು ಬೇಗನೆ ಆರುತ್ತಿತ್ತೋ, ಗಾಳಿ ಕಟ್ಟಿಕೊಂಡಿತ್ತೋ ಎಂಬುದನ್ನು ತಿಳಿಯಬೇಕಿತ್ತು. ಇದಕ್ಕೆ ಇರುವ ಪರೀಕ್ಷೆ ಬಹಳ ಸುಲಭ. ಡ್ರೈಯರನ್ನು ಆರಿಸಿ, ಗೋಡೆಯಿಂದ ಸ್ವಲ್ಪ ಎಳೆದು, ಹಿಂದಿನ ಪೈಪನ್ನು ಯಂತ್ರದ ಬಾಯಿಯಿಂದ ಕಳಚಿ, ಅದೇ ಒದ್ದೆ ಬಟ್ಟೆಯೊಂದಿಗೆ ಹತ್ತು ಹದಿನೈದು ನಿಮಿಷ ಓಡಿಸಬೇಕು. ಕೋಣೆ ಹಬೆಯಾಗುತ್ತದೆ, ಸ್ವಲ್ಪ ನೂಲಿನ ಧೂಳು ಹಾರುತ್ತದೆ, ಕಿಟಕಿ ತೆರೆದಿಟ್ಟರೆ ಅಷ್ಟು ಹೊತ್ತಿಗೆ ತೊಂದರೆಯಿಲ್ಲ. ಪೈಪ್ ಕಳಚಿದ ಮೇಲೆ ಹೀಟರ್ ಆರದೆ ಉರಿದರೆ ದೋಷ ಪೈಪಿನಲ್ಲಿದೆ. ಕಳಚಿದ ಮೇಲೂ ಯಂತ್ರದ ಬಾಯಿಯಿಂದ ಗಾಳಿ ಸಣ್ಣಗೆ ಬರುತ್ತಿದ್ದರೆ ಅಡ್ಡಿ ಯಂತ್ರದೊಳಗೇ ಇದೆ: ಫಿಲ್ಟರಿನಲ್ಲಿ ಅಥವಾ ಫ್ಯಾನಿನ ಸುತ್ತ. ಗಾಳಿ ರಭಸವಾಗಿ ಬರುತ್ತಿದ್ದು, ಅದು ಬರಿಯ ಬೆಚ್ಚಗಿದ್ದು, ಆದರೂ ಹೀಟರ್ ಆರುತ್ತಿದ್ದರೆ ಮಾತ್ರ ಥರ್ಮೋಸ್ಟಾಟಿನ ಮೇಲೆ ಸಂಶಯಪಡಲು ಕಾರಣವಿದೆ. ಅಕ್ಕನ ಮನೆಯಲ್ಲಿ ಪೈಪ್ ಕಳಚಿದ ಕೂಡಲೆ ಗಾಳಿ ಪೈಜಾಮವನ್ನು ಹಾರಿಸುವಷ್ಟು ರಭಸದಿಂದ ಬಂತು, ಅಂಕಿ 2200ಕ್ಕೆ ಏರಿತು, ಹದಿನೈದು ನಿಮಿಷ ಕದಲಲಿಲ್ಲ.

ಅಡ್ಡಿ ಇದ್ದದ್ದು ಪೈಪಿನ ಆಚೆಯ ತುದಿಯಲ್ಲಿ. ಮುಂಬಯಿಯಲ್ಲಿ ವಾಸಿಸುವವರಿಗೆ ಪಾರಿವಾಳದ ಕಾಟವನ್ನು ವಿವರಿಸಬೇಕಾಗಿಲ್ಲ. ಬೆಚ್ಚಗಿನ ಗಾಳಿ ಬರುವ 4 ಇಂಚಿನ ರಂಧ್ರವೆಂದರೆ ಅವುಗಳಿಗೆ ಗೂಡು ಕಟ್ಟಲು ಹೇಳಿಮಾಡಿಸಿದ ಜಾಗ. ಅದನ್ನು ತಪ್ಪಿಸಲು ಭಾವ ಪೈಪಿನ ಬಾಯಿಗೆ ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯ ತುಂಡೊಂದನ್ನು ಕಟ್ಟಿದ್ದರು. ಎಷ್ಟೇ ಒಳ್ಳೆಯ ಫಿಲ್ಟರ್ ಆದರೂ ಒಂದಷ್ಟು ನೂಲಿನ ಧೂಳನ್ನು ಬಿಟ್ಟೇ ಬಿಡುತ್ತದೆ. ತೇವದ ಗಾಳಿಯಲ್ಲಿ ಆ ಧೂಳು ಸಣ್ಣ ಕಣ್ಣಿನ ಜಾಲರಿಗೆ ಹತ್ತಿಕೊಂಡು, ತಿಂಗಳುಗಳಲ್ಲಿ ಕಂಬಳಿಯಂತೆ ಗಟ್ಟಿಯಾಗಿತ್ತು. ಬೆರಳಿನಿಂದ ಎತ್ತಿದರೆ ಬಿಲ್ಲೆಯಂತೆ ಒಂದೇ ತುಂಡಾಗಿ ಬಂತು. ಪೈಪೂ ಹಾರ್ಮೋನಿಯಂ ತಿದಿಯಂತೆ ಮಡಿಕೆಗಳಿದ್ದ ಅಲ್ಯೂಮಿನಿಯಂ ಪೈಪು, ಬೇಕಾದುದಕ್ಕಿಂತ ಒಂದು ಮೀಟರ್ ಉದ್ದ, ಗೋಡೆಗೂ ಯಂತ್ರಕ್ಕೂ ನಡುವೆ ಚಪ್ಪಟೆಯಾದದ್ದು. ಮಡಿಕೆಗಳಲ್ಲಿ ಧೂಳು ಕೂರುತ್ತದೆ, ಪ್ರತಿ ತಿರುವೂ ಗಾಳಿಯನ್ನು ತಡೆಯುತ್ತದೆ, ಮತ್ತು ಪೈಪಿನ ವ್ಯಾಸ ಅರ್ಧವಾದರೆ ಅದರ ಬಾಯಿ ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದನ್ನು ಜನ ಮರೆಯುತ್ತಾರೆ. ಹೆಚ್ಚುವರಿ ಉದ್ದವನ್ನು ಕತ್ತರಿಸಿ, ಜಾಲರಿಯನ್ನು ತೆಗೆದು, ಗಾಳಿ ಬಂದಾಗ ತೆರೆದು ನಿಂತಾಗ ಮುಚ್ಚಿಕೊಳ್ಳುವ ರೆಕ್ಕೆಯ ಮುಚ್ಚಳವನ್ನು ಹಾಕಿದೆವು. ಪಾರಿವಾಳಕ್ಕೆ ಬಾಲ್ಕನಿಯ ದೊಡ್ಡ ಬಲೆ ಸಾಕು. ಡ್ರೈಯರಿನ ಬಾಯಿಗೆ ಸಣ್ಣ ಜಾಲರಿಯನ್ನು ಎಂದೂ ಕಟ್ಟಬಾರದು. ಒಣಗಿದ ನೂಲಿನ ಧೂಳು ಕಿಡಿಗೆ ಬೇಗ ಹೊತ್ತಿಕೊಳ್ಳುವ ವಸ್ತು ಎಂಬುದೂ ಅದಕ್ಕೆ ಕಾರಣ.

ಫಿಲ್ಟರಿನ ಬಗ್ಗೆ ಒಂದು ಮಾತು. ಪ್ರತಿ ಸಲ ಕೈಯಿಂದ ಧೂಳು ತೆಗೆದರೂ ಸಾಕಾಗದ ಸಂದರ್ಭವಿದೆ. ಬಟ್ಟೆ ಮೆದುವಾಗಲು ಹಾಕುವ ಸುವಾಸನೆಯ ದ್ರವದ ಅಂಟು ಫಿಲ್ಟರಿನ ಕಣ್ಣುಗಳಲ್ಲಿ ಕಾಣದಂತೆ ಕೂರುತ್ತದೆ. ಬೆಳಕಿಗೆ ಹಿಡಿದರೆ ಶುಭ್ರವಾಗಿಯೇ ಕಾಣುತ್ತದೆ. ನಲ್ಲಿಯ ಕೆಳಗೆ ಹಿಡಿದಾಗ ನೀರು ಸರಾಗವಾಗಿ ಇಳಿಯದೆ ಮೇಲೆ ನಿಂತರೆ ಗಾಳಿಯೂ ಅಲ್ಲಿ ನಿಲ್ಲುತ್ತಿದೆ ಎಂದೇ ತಿಳಿಯಬೇಕು. ಪಾತ್ರೆ ತೊಳೆಯುವ ಸೋಪು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಒಣಗಿಸಿ ಹಾಕಬೇಕು.

ಗಾಳಿಯ ದಾರಿ ಸರಿಯಿದ್ದು, ವಾಟ್ 200ರಿಂದ ಏಳದಿದ್ದರೆ ಮಾತ್ರ ಯಂತ್ರವನ್ನು ಬಿಚ್ಚುವ ಪ್ರಶ್ನೆ ಬರುತ್ತದೆ. ಗ್ಯಾರಂಟಿ ಇದ್ದರೆ ಬಿಚ್ಚಬಾರದು. ಬಿಚ್ಚುವುದಾದರೆ ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣಿಗೆ ಕಾಣುವಂತೆ ಇಡಬೇಕು. ಮೋಟಾರಿನ ಕೆಪಾಸಿಟರಿನ ತುದಿಗಳನ್ನು ಮುಟ್ಟಬಾರದು. ಕಾಯಿಲ್ ಅಳೆಯುವಾಗ ಅದರ ಎರಡು ತಂತಿಗಳಲ್ಲಿ ಒಂದನ್ನಾದರೂ ಕಳಚಲೇಬೇಕು, ಇಲ್ಲದಿದ್ದರೆ ಮಲ್ಟಿಮೀಟರ್ ಬೇರೆ ದಾರಿಯಿಂದ ಸುತ್ತಿ ಬಂದ ತಪ್ಪು ಅಂಕಿಯನ್ನು ತೋರಿಸುತ್ತದೆ. ಎಷ್ಟು ಓಮ್ ಬರಬೇಕು ಎಂಬುದನ್ನು ಯಂತ್ರದ ಚೀಟಿಯಲ್ಲಿರುವ ವಾಟಿನಿಂದಲೇ ಲೆಕ್ಕ ಹಾಕಬಹುದು: 230ನ್ನು 230ರಿಂದ ಗುಣಿಸಿ, ಬಂದುದನ್ನು ಹೀಟರಿನ ವಾಟಿನಿಂದ ಭಾಗಿಸಬೇಕು. 2000 ವಾಟಿಗೆ ಸುಮಾರು 26 ಓಮ್ ಬರುತ್ತದೆ. ಮೀಟರ್ ಏನನ್ನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಒಂದೊಂದು ಸಾವಿರ ವಾಟಿನ ಎರಡು ಕಾಯಿಲ್‌ಗಳಿದ್ದರೆ ಪ್ರತಿಯೊಂದನ್ನೂ ಬೇರೆಯಾಗಿ ಅಳೆದು 53 ಓಮ್ ಹತ್ತಿರ ಇದೆಯೇ ಎಂದು ನೋಡಬೇಕು. ಆಮೇಲೆ ಕಾಯಿಲ್ ತುದಿಗೂ ಹೀಟರಿನ ತಗಡಿಗೂ ನಡುವೆ ಅಳೆಯಬೇಕು; ಅಲ್ಲಿ ಏನೂ ತೋರಿಸಬಾರದು. ತೋರಿಸಿದರೆ ಜೋತುಬಿದ್ದ ಕಾಯಿಲ್ ತಗಡಿಗೆ ತಾಗುತ್ತಿದೆ, ಅಂಥ ಯಂತ್ರವನ್ನು ಓಡಿಸಲೇಬಾರದು. ಕಾಯಿಲ್‌ಗಳು ಹಳೆಯದಾಗಿ ಕ್ರಮೇಣ ಬಿಸಿ ಕಳೆದುಕೊಳ್ಳುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಅವು ಸಾಮಾನ್ಯವಾಗಿ ಒಂದೋ ಪೂರ್ತಿ ಉರಿಯುತ್ತವೆ, ಇಲ್ಲವೇ ತುಂಡಾಗಿ ಪೂರ್ತಿ ನಿಲ್ಲುತ್ತವೆ. ಸಮುದ್ರದ ಗಾಳಿ ತಾಗುವ ಮನೆಗಳಲ್ಲಿ ಕಾಯಿಲ್‌ಗಿಂತ ಮೊದಲು ಅದಕ್ಕೆ ಸಿಕ್ಕಿಸುವ ತಂತಿಯ ಕ್ಲಿಪ್ಪು ತುಕ್ಕು ಹಿಡಿದು, ಸಡಿಲವಾಗಿ, ಕಾದು ಕಪ್ಪಾಗುವುದುಂಟು. ಅದನ್ನು ಕಣ್ಣಿನಿಂದಲೇ ಗುರುತಿಸಬಹುದು.

ಕಾಯಿಲ್ ಸರಿಯಿದ್ದರೆ ಅದರ ದಾರಿಯಲ್ಲಿರುವ ಥರ್ಮೋಸ್ಟಾಟುಗಳನ್ನು ಒಂದೊಂದಾಗಿ ತಂತಿ ಕಳಚಿ ಅಳೆಯಬೇಕು. ಒಳಗೆ ಎರಡು ಲೋಹಗಳನ್ನು ಬೆಸೆದ ಪುಟ್ಟ ಬಿಲ್ಲೆಯಿರುತ್ತದೆ. ಕಾದಾಗ ಅದು ಟಕ್ ಎಂದು ಬಾಗಿ ಸಂಪರ್ಕ ಕಡಿಯುತ್ತದೆ. ತಣ್ಣಗಿರುವಾಗ ಮೀಟರ್ ಸೊನ್ನೆಯ ಹತ್ತಿರ ತೋರಿಸಬೇಕು, ಬೀಪ್ ಎನ್ನಬೇಕು. ಇವುಗಳ ಜೊತೆ ಒಂದು ಥರ್ಮಲ್ ಫ್ಯೂಸೂ ಇರಬಹುದು. ಅದು ಒಮ್ಮೆ ಕಡಿದುಕೊಂಡರೆ ಮತ್ತೆ ಕೂಡುವುದಿಲ್ಲ, ಬದಲಿಸಲೇಬೇಕು, ಅದೂ ಮೈಮೇಲೆ ಬರೆದಿರುವ ಅದೇ ಉಷ್ಣತೆಯದನ್ನು. ಆದರೆ ಆ ಫ್ಯೂಸ್ ಹೋಗಿದೆ ಎಂಬುದು ರೋಗವಲ್ಲ, ರೋಗದ ಲಕ್ಷಣ. ಗಾಳಿ ಕಟ್ಟಿಕೊಂಡು ಕಾವಲುಗಾರ ದಿನಕ್ಕೆ ಹತ್ತಾರು ಸಲ ಆರಿಸಿ ಹೊತ್ತಿಸಿ ಸೋತ ಮೇಲೆ ಫ್ಯೂಸ್ ಹೋಗಿರುತ್ತದೆ. ದಾರಿ ತೆರೆಯದೆ ಹೊಸ ಫ್ಯೂಸ್ ಹಾಕಿದರೆ ಕೆಲವು ವಾರಗಳಲ್ಲಿ ಅದೂ ಹೋಗುತ್ತದೆ. ಅದನ್ನು ಬಿಟ್ಟು ಎರಡು ತಂತಿಗಳನ್ನು ನೇರವಾಗಿ ಜೋಡಿಸಿ ಯಂತ್ರ ಓಡಿಸಿಕೊಡುವವರಿದ್ದಾರೆ. ನೂಲಿನ ಧೂಳು ತುಂಬಿದ ಪೆಟ್ಟಿಗೆಯಲ್ಲಿ ಕೆಂಪಗೆ ಕಾದ ಕಾಯಿಲ್ ಅನ್ನು ಆರಿಸುವವರು ಯಾರೂ ಇಲ್ಲದಂತೆ ಮಾಡುವ ಈ ಕೆಲಸಕ್ಕೆ ಯಾರೂ ಒಪ್ಪಬಾರದು.

ಮಳೆಗಾಲದ ಹವೆಯನ್ನು ದೂರುವುದು ಎಷ್ಟು ಸರಿ? ಮುಂಬಯಿಯ ಜುಲೈ ತಿಂಗಳ 28 ಡಿಗ್ರಿಯ, ಶೇಕಡಾ 90ರಷ್ಟು ತೇವವಿರುವ ಗಾಳಿಯನ್ನು 60 ಡಿಗ್ರಿಗೆ ಕಾಯಿಸಿದರೆ, ಅದರ ಸಾಪೇಕ್ಷ ತೇವ ಶೇಕಡಾ 20ಕ್ಕಿಂತ ಕೆಳಗಿಳಿಯುತ್ತದೆ. ಬಟ್ಟೆಯ ನೀರನ್ನು ಹೀರಿಕೊಳ್ಳಲು ಅದರಲ್ಲಿ ಬೇಕಾದಷ್ಟು ಜಾಗವಿರುತ್ತದೆ. ಹಾಗಾಗಿ ಮಳೆಯಿಂದಾಗಿ ಸ್ವಲ್ಪ ತಡವಾಗಬಹುದೇ ಹೊರತು ಒಂದು ಗಂಟೆ ಮೂರು ಗಂಟೆಯಾಗುವುದಿಲ್ಲ. ಆದರೆ ಪೈಪೇ ಇಲ್ಲದೆ, ಗಾಜು ಹಾಕಿ ಮುಚ್ಚಿದ ಬಾಲ್ಕನಿಯಲ್ಲಿ ಡ್ರೈಯರ್ ಇಟ್ಟರೆ ಅದು ತಾನು ಬಿಟ್ಟ ಹಬೆಯನ್ನೇ ಮತ್ತೆ ಉಸಿರಾಡುತ್ತದೆ, ಆಗ ಯಾವ ಲೆಕ್ಕವೂ ನಡೆಯುವುದಿಲ್ಲ. ಇದರ ಜೊತೆಗೆ ತೆಳು ತಂತಿಯ ಎಕ್ಸ್‌ಟೆನ್ಶನ್ ಬೋರ್ಡನ್ನೂ ನೋಡಬೇಕು: ವೋಲ್ಟೇಜ್ 230ರಿಂದ 200ಕ್ಕೆ ಇಳಿದರೆ ಹೀಟರಿನ ಶಕ್ತಿ ಕಾಲು ಭಾಗದಷ್ಟು ಕುಸಿಯುತ್ತದೆ, ಬೋರ್ಡಿನ ಪ್ಲಗ್ಗು ಕರಗುವ ಅಪಾಯವೂ ಇದೆ.

ಹೀಟ್ ಪಂಪ್ ಡ್ರೈಯರ್‌ಗಳಿಗೆ ಇಲ್ಲಿ ಹೇಳಿದ ವಾಟಿನ ಲೆಕ್ಕ ಅನ್ವಯಿಸುವುದಿಲ್ಲ. ಅವು ಕಡಿಮೆ ಉಷ್ಣತೆಯಲ್ಲಿ, ಹೆಚ್ಚು ಹೊತ್ತು ಓಡುವಂತೆಯೇ ರಚಿತವಾಗಿವೆ.

ಪೈಪ್ ಸರಿಪಡಿಸಿದ ಸಂಜೆ ಅದೇ ತೂಕದ ಬಟ್ಟೆ ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಒಣಗಿತು. ಹೀಟರ್ ಮೊದಲ ಬಾರಿ ಆರಿದ್ದು ಒಂದು ಗಂಟೆ ಕಳೆದ ಮೇಲೆ. ಹಿಂದಿನ ಮೂರು ಗಂಟೆಗಳ ಓಟದ ಲೆಕ್ಕವನ್ನೂ ತೆಗೆದು ನೋಡಿದೆವು: ಹನ್ನೆರಡು ನಿಮಿಷಕ್ಕೆ ನಾಲ್ಕು ನಿಮಿಷ ಮಾತ್ರ ಉರಿದ ಹೀಟರಿನಿಂದಾಗಿ ಅಷ್ಟು ಹೊತ್ತಿನಲ್ಲಿ ಯಂತ್ರ ಬಳಸಿದ್ದು ಸುಮಾರು 2.6 ಯೂನಿಟ್, ಅಂದರೆ ಬೇಕಾದುದಕ್ಕಿಂತ ಕಡಿಮೆಯೇ. ಬಟ್ಟೆ ಹಸಿಯಾಗಿ ಉಳಿದದ್ದರಲ್ಲಿ ಆಶ್ಚರ್ಯವಿರಲಿಲ್ಲ. ಮೆಕ್ಯಾನಿಕ್ ತೆಗೆದಿಟ್ಟು ಹೋಗಿದ್ದ ಹಳೆಯ ಕಾಯಿಲ್ ಅಡುಗೆಮನೆಯ ಅಟ್ಟದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿತ್ತು. ಅದಕ್ಕೆ ಮಲ್ಟಿಮೀಟರ್ ಹಿಡಿದಾಗ ಬಂದ ಅಂಕಿ 26.8 ಓಮ್.